ಸೆಲ್ಫ್ ಡ್ರೈವ್ ಕಾರು: ದಿನದ ಬಾಡಿಗೆ ಬಿಟ್ಟು ಟ್ರಿಪ್ಪಿನ ಪೂರ್ತಿ ಖರ್ಚು ಹೋಲಿಸುವುದು ಹೇಗೆ?

ದಾವಣಗೆರೆಯಲ್ಲಿ ಸೆಲ್ಫ್ ಡ್ರೈವ್ ಕಾರು ಬೇಕೆಂದು ನಾಲ್ಕು ಜನರಿಗೆ ಫೋನ್ ಮಾಡಿ ನೋಡಿ. ನಾಲ್ವರೂ ಮೊದಲು ಹೇಳುವುದು ಒಂದೇ ಸಂಖ್ಯೆ, ದಿನಕ್ಕೆ ಇಷ್ಟು ಅಂತ. ನಾವೂ ಆ ಸಂಖ್ಯೆಯನ್ನೇ ಹೋಲಿಸಿ, ಕಡಿಮೆ ಹೇಳಿದವರಿಗೆ ಅಡ್ವಾನ್ಸ್ ಹಾಕಿಬಿಡುತ್ತೇವೆ. ಕಾರು ವಾಪಸ್ ಕೊಡುವಾಗ ಮಾತ್ರ ಬಿಲ್ಲು ಬೇರೆಯೇ ಇರುತ್ತದೆ. ಹೆಚ್ಚುವರಿ ಕಿ.ಮೀ., ಪೆಟ್ರೋಲ್ ಕಡಿಮೆ, ಬಂಪರಿನಲ್ಲಿ ಗೀರು ಅಂತ ಒಂದೊಂದೇ ಸೇರಿಕೊಳ್ಳುತ್ತದೆ.

ಹಾಗಾಗಿ ನಾನು ಹೇಳುವ ಕ್ರಮ ಸ್ವಲ್ಪ ಬೇರೆ. ಮೊದಲು ನಿಮ್ಮ ಟ್ರಿಪ್ಪಿನ ಲೆಕ್ಕ ಹಾಕಿ. ಆಮೇಲೆ ಪ್ರತಿಯೊಬ್ಬರ ಷರತ್ತನ್ನೂ ಆ ಲೆಕ್ಕದ ಮೇಲೆ ಇಟ್ಟು ನೋಡಿ. ಇಲ್ಲಿ ಒಂದೇ ಟ್ರಿಪ್ ತೆಗೆದುಕೊಂಡು ಕೊನೆಯವರೆಗೂ ಲೆಕ್ಕ ಮಾಡಿದ್ದೇನೆ. ದರಗಳು ಉದಾಹರಣೆಗೆ ಹಿಡಿದವು. ನಿಮಗೆ ಸಿಕ್ಕ ದರಗಳನ್ನು ಅದೇ ಜಾಗದಲ್ಲಿ ಹಾಕಿಕೊಂಡರೆ ಸಾಕು.

ಹಂತ 1: ದಿನ ದಿನದ ಕಿ.ಮೀ. ಬರೆದುಕೊಳ್ಳಿ

ದಾವಣಗೆರೆಯಿಂದ ಹೊನ್ನಾಳಿ, ಶಿವಮೊಗ್ಗ, ಸಾಗರ, ಜೋಗ ನೋಡಿಕೊಂಡು ಗೇರುಸೊಪ್ಪ ಘಾಟಿ ಇಳಿದು ಹೊನ್ನಾವರ, ಅಲ್ಲಿಂದ ಮುರುಡೇಶ್ವರ. ನಾಲ್ಕು ಜನರ ಕುಟುಂಬ, ಮೂರು ದಿನ. ಒಂದು ಕಡೆಗೆ ಸುಮಾರು 280 ಕಿ.ಮೀ. ಹಿಡಿಯೋಣ.

ಬರೀ ಹೋಗಿಬರುವ ದೂರ ಬರೆದರೆ ಸಾಲದು. ಊಟಕ್ಕೆ ಒಳಗೆ ತಿರುಗಿದ್ದು, ರೂಮು ಹುಡುಕಿದ್ದು, ಇಡಗುಂಜಿಗೆ ಹೋಗಿ ಬಂದದ್ದು ಎಲ್ಲ ಸೇರುತ್ತದೆ. ಆದ್ದರಿಂದ ಮೊದಲ ದಿನಕ್ಕೆ 300, ಎರಡನೇ ದಿನ ಮುರುಡೇಶ್ವರದ ಸುತ್ತಮುತ್ತ ಓಡಾಟಕ್ಕೆ 60, ಮೂರನೇ ದಿನ ವಾಪಸ್ ಬರಲು 320. ಒಟ್ಟು 680 ಕಿ.ಮೀ.

ಒಟ್ಟು ಮೊತ್ತದ ಜೊತೆ ದಿನದ ಲೆಕ್ಕವನ್ನೂ ಬಿಡಿಸಿ ಇಟ್ಟುಕೊಳ್ಳುವುದು ಯಾಕೆ ಬೇಕು ಅನ್ನುವುದು ಮುಂದಿನ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 2: ಎಲ್ಲರಿಗೂ ಒಂದೇ ಮೆಸೇಜ್ ಕಳಿಸಿ

ಫೋನಿನಲ್ಲಿ ಮಾತಾಡಿದರೆ ಒಬ್ಬೊಬ್ಬರು ಒಂದೊಂದು ವಿಷಯ ಹೇಳುತ್ತಾರೆ, ಹೋಲಿಸಲು ಆಗುವುದಿಲ್ಲ. ವಾಟ್ಸಾಪಿನಲ್ಲಿ ಒಂದೇ ಮೆಸೇಜನ್ನು ಎಲ್ಲರಿಗೂ ಕಳಿಸಿ. ಉತ್ತರ ಬರಹದಲ್ಲಿ ಇದ್ದರೆ ಆಮೇಲೆ ತೋರಿಸಲಿಕ್ಕೂ ಬರುತ್ತದೆ. ಮೆಸೇಜ್ ಹೀಗಿರಲಿ:

"ಸರ್, ಶನಿವಾರ ಬೆಳಿಗ್ಗೆ 6ರಿಂದ ಮಂಗಳವಾರ ಬೆಳಿಗ್ಗೆ 6ರವರೆಗೆ ಕಾರು ಬೇಕಿತ್ತು. ಟ್ಯಾಕ್ಸ್ ಸೇರಿ ಬಾಡಿಗೆ ಎಷ್ಟು? ಕಿ.ಮೀ. ಮಿತಿ ಎಷ್ಟು, ಅದು ದಿನದ ಲೆಕ್ಕವೋ ಮೂರು ದಿನ ಸೇರಿಸಿಯೋ? ಮಿತಿ ದಾಟಿದರೆ ಕಿ.ಮೀ.ಗೆ ಎಷ್ಟು? ಪೆಟ್ರೋಲ್ ಎಷ್ಟು ಇರುತ್ತದೆ, ಎಷ್ಟು ಇಟ್ಟು ಕೊಡಬೇಕು? ಡೆಪಾಸಿಟ್ ಎಷ್ಟು, ಯಾವತ್ತು ವಾಪಸ್? ಗೀರು, ಡೆಂಟ್ ಆದರೆ ನಾವು ಕಟ್ಟುವುದು ಹೆಚ್ಚೆಂದರೆ ಎಷ್ಟು? ಗಾಡಿ ಗ್ಯಾರೇಜಿನಲ್ಲಿ ನಿಂತ ದಿನಕ್ಕೂ ಬಾಡಿಗೆ ಕೊಡಬೇಕಾ? ಗಾಡಿ ನಂಬರ್ ಕಳಿಸಿ."

ಕೊನೆಯ ಮೂರು ಪ್ರಶ್ನೆಗೆ ಉತ್ತರ ಬರದಿದ್ದರೆ ಇನ್ನೊಮ್ಮೆ ಕೇಳಿ. "ಅದೆಲ್ಲ ಏನೂ ಆಗಲ್ಲ ಸರ್, ನಮ್ಮೋರೇ ಅಲ್ವಾ" ಅನ್ನುವುದು ಉತ್ತರವಲ್ಲ. ಮಾತು ಎಷ್ಟೇ ಪ್ರೀತಿಯದಾದರೂ, ಬರೆದು ಕೊಡದ ಷರತ್ತು ನಿಮ್ಮ ಪರವಾಗಿ ನಿಲ್ಲುವುದಿಲ್ಲ.

ಮೂವರಿಂದ ಉತ್ತರ ಬಂದಿದೆ ಎಂದುಕೊಳ್ಳಿ. ಕಾರು ಒಂದೇ ಬಗೆಯದು, 37 ಲೀಟರ್ ಟ್ಯಾಂಕಿನ ಪೆಟ್ರೋಲ್ ಸ್ವಿಫ್ಟ್.

ಮೊದಲನೆಯವರು ದಿನಕ್ಕೆ 1,800 ರೂ. ಹೇಳಿದರು. ದಿನಕ್ಕೆ 200 ಕಿ.ಮೀ. ಮಿತಿ, ಮೇಲೆ ಕಿ.ಮೀ.ಗೆ 10 ರೂ. ಎರಡನೆಯವರು 2,100 ರೂ., ದಿನಕ್ಕೆ 300ರಂತೆ ಮೂರು ದಿನಕ್ಕೆ ಒಟ್ಟು 900 ಕಿ.ಮೀ., ಮೇಲೆ 9 ರೂ. ಮೂರನೆಯದು ಆ್ಯಪಿನಲ್ಲಿ ಸಿಕ್ಕಿದ್ದು, 2,600 ರೂ., ಕಿ.ಮೀ. ಮಿತಿ ಇಲ್ಲ. ಡ್ಯಾಮೇಜ್ ರಕ್ಷಣೆಗೆ ದಿನಕ್ಕೆ 250 ರೂ. ಬೇರೆ.

ಹಂತ 3: ಕಿ.ಮೀ. ಮಿತಿಯನ್ನು ರೂಪಾಯಿಗೆ ತಿರುಗಿಸಿ

ಮೇಲ್ನೋಟಕ್ಕೆ ಮೊದಲನೆಯವರೇ ಅಗ್ಗ. ಮೂರು ದಿನಕ್ಕೆ 5,400 ರೂ. ಈಗ ನಮ್ಮ ದಿನದ ಪಟ್ಟಿ ಪಕ್ಕದಲ್ಲಿ ಇಡಿ.

ಮಿತಿ ಮೂರು ದಿನ ಸೇರಿಸಿ ಆದರೆ 600 ಕಿ.ಮೀ. ಸಿಗುತ್ತದೆ. ನಾವು ಓಡಿಸುವುದು 680. ಹೆಚ್ಚುವರಿ 80, ಅಂದರೆ 800 ರೂ. ಒಟ್ಟು 6,200.

ಮಿತಿ ದಿನದ ಲೆಕ್ಕವಾದರೆ ಮೊದಲ ದಿನ 100 ಕಿ.ಮೀ. ಹೆಚ್ಚು, ಮೂರನೇ ದಿನ 120 ಹೆಚ್ಚು. ಎರಡನೇ ದಿನ ಉಳಿದ 140 ಕಿ.ಮೀ. ಸುಮ್ನೆ ಹೋಯಿತು, ಯಾವ ದಿನಕ್ಕೂ ಸೇರುವುದಿಲ್ಲ. ಹೆಚ್ಚುವರಿ 220, ಅಂದರೆ 2,200 ರೂ. ಒಟ್ಟು 7,600.

ಒಂದೇ ಕಾರು, ಒಂದೇ ರಸ್ತೆ. "ದಿನಕ್ಕೆ" ಎನ್ನುವ ಮಾತನ್ನು ಅವರು ಹೇಗೆ ಲೆಕ್ಕ ಹಿಡಿಯುತ್ತಾರೆ ಅನ್ನುವುದರ ಮೇಲೆ 1,400 ರೂಪಾಯಿ ವ್ಯತ್ಯಾಸ. ನಮ್ಮ ಕಡೆಯಿಂದ ಕರಾವಳಿಗೋ ಮಲೆನಾಡಿಗೋ ಹೋಗುವವರು ಇದನ್ನು ಚೆನ್ನಾಗಿ ಗಮನಿಸಬೇಕು. ಹೋಗುವ ದಿನ, ಬರುವ ದಿನ ದೂರ ಜಾಸ್ತಿ, ನಡುವಿನ ದಿನ ಕಾರು ಹೆಚ್ಚಾಗಿ ನಿಂತೇ ಇರುತ್ತದೆ. ದಿನದ ಮಿತಿ ಇಂಥ ಟ್ರಿಪ್ಪಿಗೆ ಯಾವಾಗಲೂ ದುಬಾರಿ. ಅದೇ ಚಿತ್ರದುರ್ಗದ ಕೋಟೆ ನೋಡಿ ಸಂಜೆಗೆ ವಾಪಸ್ ಬರುವವರಿಗೆ 200 ಕಿ.ಮೀ. ಮಿತಿ ಧಾರಾಳವಾಯಿತು. ಅವರು 300ರ ಮಿತಿಗೆ ಹೆಚ್ಚು ಬಾಡಿಗೆ ಕೊಡಬೇಕಾದ್ದೇ ಇಲ್ಲ.

ಎರಡನೆಯವರದು 6,300 ರೂ. 900 ಕಿ.ಮೀ. ಇದೆ, ಹೆಚ್ಚುವರಿ ಏನೂ ಇಲ್ಲ. ಮೂರನೆಯದು 7,800, ರಕ್ಷಣೆ ಸೇರಿದರೆ 8,550.

ಮಿತಿ ಇಲ್ಲದ ಕಾರು ಯಾವಾಗ ಲಾಭ ಎಂದು ತಿಳಿಯಲು ಒಂದು ಸುಲಭದ ಲೆಕ್ಕವಿದೆ. ಎರಡು ಬಾಡಿಗೆಗಳ ವ್ಯತ್ಯಾಸವನ್ನು ಹೆಚ್ಚುವರಿ ಕಿ.ಮೀ. ದರದಿಂದ ಭಾಗಿಸಿ, ಬಂದದ್ದನ್ನು ಮಿತಿಗೆ ಕೂಡಿಸಿ. ರಕ್ಷಣೆಯ ಹಣ ಬಿಟ್ಟು ನೋಡಿದರೆ ಎರಡನೆಯವರಿಗೂ ಮೂರನೆಯದಕ್ಕೂ 1,500 ರೂ. ವ್ಯತ್ಯಾಸ. 9ರಿಂದ ಭಾಗಿಸಿದರೆ ಸುಮಾರು 167. 900ಕ್ಕೆ ಕೂಡಿಸಿದರೆ 1,067 ಕಿ.ಮೀ. ಅಷ್ಟು ದೂರ ದಾಟಿದ ಮೇಲಷ್ಟೇ ಮಿತಿ ಇಲ್ಲದ ಕಾರು ಅಗ್ಗವಾಗುವುದು. ಮೂರು ದಿನದಲ್ಲಿ, ಮಕ್ಕಳನ್ನು ಕರೆದುಕೊಂಡು, ಘಾಟಿ ರಸ್ತೆಯಲ್ಲಿ ಅಷ್ಟು ಓಡಿಸುವವರು ಕಡಿಮೆ.

ಇನ್ನೊಂದು ಸಣ್ಣ ವಿಷಯ. ಕಾರನ್ನು ಮನೆಗೆ ತಂದು ಕೊಡುವವರಿದ್ದರೆ ಕಿ.ಮೀ. ಲೆಕ್ಕ ನಿಮ್ಮ ಮನೆ ಬಾಗಿಲಿಂದ ಶುರುವೋ ಅವರ ಶೆಡ್ಡಿನಿಂದಲೋ ಕೇಳಿ. ವಿದ್ಯಾನಗರಕ್ಕೂ ಪಿ.ಬಿ. ರಸ್ತೆಗೂ ಏನೂ ಆಗುವುದಿಲ್ಲ. ಹರಿಹರದಿಂದಲೋ ಚಿತ್ರದುರ್ಗದಿಂದಲೋ ಗಾಡಿ ಬಂದರೆ ಆಗುತ್ತದೆ.

ಹಂತ 4: ಪೆಟ್ರೋಲ್ ಷರತ್ತು

ಪೆಟ್ರೋಲ್ ಖರ್ಚು ಯಾರ ಕಾರಾದರೂ ಹೆಚ್ಚುಕಡಿಮೆ ಒಂದೇ. ಲೀಟರಿಗೆ 16 ಕಿ.ಮೀ. ಹಿಡಿದರೆ 680ಕ್ಕೆ 42.5 ಲೀಟರ್. ಲೀಟರಿಗೆ 103 ರೂ. ಲೆಕ್ಕದಲ್ಲಿ ಸುಮಾರು 4,380 ರೂ. ಕಂಪನಿ ಹೇಳುವ ಮೈಲೇಜನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಎಸಿ ಹಾಕಿ, ಲಗೇಜ್ ತುಂಬಿ, ಘಾಟಿ ಹತ್ತುವಾಗ ಅದು ಬರುವುದಿಲ್ಲ.

ವ್ಯತ್ಯಾಸ ಬರುವುದು ವಾಪಸ್ ಕೊಡುವಾಗ. ನಮ್ಮಲ್ಲಿ ಹೆಚ್ಚಾಗಿ ಇರುವುದು ಎರಡು ಪದ್ಧತಿ. ಫುಲ್ ಟ್ಯಾಂಕ್ ಕೊಟ್ಟರೆ ಫುಲ್ ಟ್ಯಾಂಕ್ ವಾಪಸ್. ಇಲ್ಲವೇ ಮೀಟರಿನಲ್ಲಿ ಎಷ್ಟಿತ್ತೋ ಅಷ್ಟೇ ಇಟ್ಟು ವಾಪಸ್.

ನನಗೆ ಕೇಳಿದರೆ ಫುಲ್ ಟು ಫುಲ್ ಪದ್ಧತಿಯೇ ಎರಡೂ ಕಡೆಯವರಿಗೆ ನ್ಯಾಯ. ಬಂಕಿನ ಪೈಪು ತಾನೇ ಕಟ್ ಆಗುವವರೆಗೆ ಹಾಕಿಸುತ್ತೀರಿ, ಬಿಲ್ಲು ಇಟ್ಟುಕೊಳ್ಳುತ್ತೀರಿ. ವಾದಕ್ಕೆ ಜಾಗವೇ ಇಲ್ಲ.

ಎಷ್ಟಿತ್ತೋ ಅಷ್ಟು ಎಂಬ ಪದ್ಧತಿಯಲ್ಲಿ ತೊಂದರೆ ಮೀಟರಿನ ಕಡ್ಡಿಗಳದು. ಎಂಟು ಕಡ್ಡಿಯ ಮೀಟರ್ ಎಂದುಕೊಳ್ಳಿ. 37 ಲೀಟರನ್ನು ಎಂಟರಿಂದ ಭಾಗಿಸಿದರೆ ಒಂದು ಕಡ್ಡಿಗೆ ಸುಮಾರು 4.6 ಲೀಟರ್, ಅಂದರೆ 475 ರೂ. ಒಂದು ಕಡ್ಡಿ ಈಗಷ್ಟೇ ಬಂದಿದ್ದರೂ ಅಷ್ಟೇ ಕಾಣುತ್ತದೆ, ಇನ್ನೇನು ಹೋಗುವುದಿದ್ದರೂ ಅಷ್ಟೇ ಕಾಣುತ್ತದೆ. ಗಾಡಿ ಇಳಿಜಾರಿನಲ್ಲಿ ನಿಂತರಂತೂ ಮೀಟರ್ ಬೇರೆಯೇ ತೋರಿಸಬಹುದು. ನಮ್ಮ ಉದಾಹರಣೆಯ ಮೊದಲನೆಯವರು ಕಡ್ಡಿ ಕಡಿಮೆಯಾದರೆ 700 ರೂ. ಎಂದಿದ್ದಾರೆ. 475ರ ಪೆಟ್ರೋಲಿಗೆ 700. ನೀವು ಒಂದು ಕಡ್ಡಿ ಜಾಸ್ತಿ ಬಿಟ್ಟು ಕೊಟ್ಟರೆ ಮಾತ್ರ ಏನೂ ವಾಪಸ್ ಬರುವುದಿಲ್ಲ.

ಇಂಥ ಕಡೆ ಕಾರು ಪಡೆಯುವಾಗ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಕೀ ಆನ್ ಮಾಡಿ, ಕಡ್ಡಿ ಮತ್ತು ಓಡಿದ ಕಿ.ಮೀ. ಎರಡೂ ಕಾಣುವಂತೆ ಒಂದೇ ಫೋಟೋ ತೆಗೆಯಿರಿ. "ಇನ್ನು ಇಷ್ಟು ಕಿ.ಮೀ. ಹೋಗಬಹುದು" ಎಂದು ತೋರಿಸುವ ಕಾರಾದರೆ ಅದನ್ನೂ ಸೇರಿಸಿ. ವಾಪಸ್ ಬರುವಾಗ ಹೊನ್ನಾಳಿಯಲ್ಲಿ ತುಂಬಿಸಿ ಬರುವುದಕ್ಕಿಂತ ಊರೊಳಗೆ ಬಂದು, ಕೊಡುವ ಜಾಗದ ಹತ್ತಿರದ ಬಂಕಿನಲ್ಲಿ ಬೇಕಾದಷ್ಟೇ ಹಾಕಿಸಿ. ಸಿಎನ್‌ಜಿ ಕಾರಾದರೆ ಗ್ಯಾಸು, ಪೆಟ್ರೋಲ್ ಎರಡರ ಮಟ್ಟವನ್ನೂ ಬರೆಸಿಕೊಳ್ಳಿ.

ಹಂತ 5: ಡೆಪಾಸಿಟ್

ಡೆಪಾಸಿಟ್ ವಾಪಸ್ ಬರುವ ದುಡ್ಡು, ಹಾಗಾಗಿ ಖರ್ಚಿಗೆ ಕೂಡಿಸಬೇಡಿ. ಅದು ಎಷ್ಟು ಎನ್ನುವುದಕ್ಕಿಂತ ಯಾವುದಕ್ಕೆ ಹಿಡಿಯುತ್ತಾರೆ, ಯಾವತ್ತು ಕೊಡುತ್ತಾರೆ ಎನ್ನುವುದು ಮುಖ್ಯ. ಮೊದಲನೆಯವರು 5,000 ರೂ. ಜೊತೆಗೆ ಒರಿಜಿನಲ್ ಆಧಾರ್ ಮತ್ತು ಒಂದು ಬೈಕ್ ಕೇಳಿದರು ಎಂದುಕೊಳ್ಳಿ. ಎರಡನೆಯವರು 3,000 ರೂ., ಯುಪಿಐ ಮೂಲಕ. ಆ್ಯಪಿನವರದು ಇಲ್ಲ.

ಒರಿಜಿನಲ್ ಆಧಾರ್, ಸಹಿ ಮಾಡಿದ ಖಾಲಿ ಚೆಕ್ ಬಿಟ್ಟು ಬರುವುದು ಬೇಡ. ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಆಧಾರ್ ಪ್ರತಿ ಡೌನ್‌ಲೋಡ್ ಮಾಡಿ ಕೊಡಬಹುದು. ಡ್ರೈವಿಂಗ್ ಲೈಸೆನ್ಸನ್ನು DigiLocker ನಲ್ಲಿ ತೋರಿಸಬಹುದು. ಬೈಕ್ ಬಿಡಲೇಬೇಕಾದರೆ ಗಾಡಿ ನಂಬರ್, ಓಡಿದ ಕಿ.ಮೀ., ತಾರೀಕು ಬರೆಸಿ ಸಹಿ ಹಾಕಿಸಿಕೊಳ್ಳಿ. ನೀವು ಮುರುಡೇಶ್ವರದಲ್ಲಿ ಇರುವಾಗ ನಿಮ್ಮ ಬೈಕು ದಾವಣಗೆರೆಯಲ್ಲಿ ಓಡಾಡುತ್ತಿರಬಾರದು.

ಡೆಪಾಸಿಟ್ಟಿನಿಂದ ಟೋಲ್ ಮತ್ತು ದಂಡ ಕಳೆಯುವುದು ಸರಿಯಾದ ಪದ್ಧತಿಯೇ. ಫಾಸ್ಟ್ಯಾಗ್ ಓನರ್ ಹೆಸರಿನಲ್ಲಿ ಇರುತ್ತದೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಚಿತ್ರದುರ್ಗದ ಕಡೆ ಹೋದರೆ ಹೆಬ್ಬಾಳು ಟೋಲಿನಲ್ಲಿ ಅವರ ಖಾತೆಯಿಂದಲೇ ದುಡ್ಡು ಕಟ್ ಆಗುತ್ತದೆ. ಕ್ಯಾಮೆರಾ ಹಿಡಿದ ಅತಿವೇಗದ ಚಲನ್ ಕೆಲವು ದಿನ ತಡವಾಗಿ ಬರಬಹುದು. ಆದ್ದರಿಂದ ಒಂದು ಭಾಗವನ್ನು ವಾರದ ಮಟ್ಟಿಗೆ ಹಿಡಿದಿಟ್ಟರೆ ತಪ್ಪಿಲ್ಲ. ಆದರೆ ಎರಡು ಮಾತು ಬರಹದಲ್ಲಿ ಇರಲಿ: ವಾಪಸ್ ಕೊಡುವ ತಾರೀಕು, ಮತ್ತು ಚಲನ್ ಆಗಿದ್ದರೆ ಅದರಲ್ಲಿನ ದಿನ, ಸಮಯ ನಾವು ಕಾರು ಇಟ್ಟುಕೊಂಡಿದ್ದ ಅವಧಿಯದ್ದೇ ಆಗಿರಬೇಕು ಎನ್ನುವುದು.

ಹಂತ 6: ಡ್ಯಾಮೇಜ್ ಆದರೆ ಎಷ್ಟು?

ಕಿ.ಮೀ., ಪೆಟ್ರೋಲ್, ಡೆಪಾಸಿಟ್, ಡ್ಯಾಮೇಜ್ ಈ ನಾಲ್ಕು ವಿಷಯಗಳಲ್ಲಿ ದೊಡ್ಡ ದುಡ್ಡು ಇರುವುದು ಇಲ್ಲಿ. ಜನ ಕಡಿಮೆ ಕೇಳುವುದೂ ಇದನ್ನೇ.

ಮೊದಲು ನಂಬರ್ ಪ್ಲೇಟ್ ನೋಡಿ. ಸೆಲ್ಫ್ ಡ್ರೈವ್ ಬಾಡಿಗೆಗೆ ಅನುಮತಿ ಪಡೆದ ಕಾರಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುತ್ತದೆ. ವೈಟ್ ಬೋರ್ಡ್ ಅಂದರೆ ಖಾಸಗಿ ಕಾರು. ಊರುಗಳಲ್ಲಿ ಅದನ್ನೂ ಬಾಡಿಗೆಗೆ ಕೊಡುತ್ತಾರೆ, ಬಾಡಿಗೆಯೂ ಕಡಿಮೆ. ಆದರೆ ಖಾಸಗಿ ಕಾರಿನ ಇನ್ಶೂರೆನ್ಸ್ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸುವುದನ್ನು ಹೊರಗಿಟ್ಟಿರುತ್ತಾರೆ. ಅಪಘಾತವಾದಾಗ ಬಾಡಿಗೆ ಗಾಡಿ ಎಂದು ಗೊತ್ತಾದರೆ ಕಂಪನಿ ಕಾರಿನ ರಿಪೇರಿ ಕ್ಲೇಮನ್ನು ತಿರಸ್ಕರಿಸಬಹುದು. ಆಗ "ಫ್ರೆಂಡ್ ಕಾರು ಅಂತ ಹೇಳಿ" ಎಂದು ಓನರ್ ನಿಮಗೆ ಹೇಳುತ್ತಾರೆ. ಸುಳ್ಳು ಹೇಳಿಕೆಗೆ ಸಹಿ ನಿಮ್ಮದಾಗುತ್ತದೆ. ದಿನಕ್ಕೆ ಇನ್ನೂರು ಮುನ್ನೂರು ಉಳಿಸಲು ಇದಕ್ಕೆ ಇಳಿಯಬೇಡಿ ಎಂದೇ ನಾನು ಹೇಳುತ್ತೇನೆ. ಗಾಡಿ ನಂಬರ್ ಸಿಕ್ಕ ಕೂಡಲೇ mParivahan ಆ್ಯಪಿನಲ್ಲಿ ಹಾಕಿ, ಇನ್ಶೂರೆನ್ಸ್ ಚಾಲ್ತಿಯಲ್ಲಿ ಇದೆಯಾ ನೋಡಿ.

ಈಗ "ಫುಲ್ ಇನ್ಶೂರೆನ್ಸ್ ಇದೆ ಸರ್" ಎಂಬ ಮಾತಿಗೆ ಬರೋಣ. ಇನ್ಶೂರೆನ್ಸ್ ಇದ್ದರೂ ಎಲ್ಲ ದುಡ್ಡು ಬರುವುದಿಲ್ಲ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಬೆಲೆಯಲ್ಲಿ ನೂರಕ್ಕೆ 50ರಷ್ಟನ್ನು ಸವಕಳಿ ಎಂದು ಕಳೆಯುತ್ತಾರೆ. ಗಾಜಿಗೆ ಕಳೆಯುವುದಿಲ್ಲ. ಬಂಪರ್ ಪ್ಲಾಸ್ಟಿಕ್. ಪಾರ್ಕಿಂಗಿನಲ್ಲಿ ಮೊದಲು ತಗಲುವುದೂ ಬಂಪರೇ. ಝೀರೋ ಡಿಪ್ರಿಸಿಯೇಷನ್ ಪಾಲಿಸಿ ಇದ್ದರೆ ಮಾತ್ರ ಈ ಅರ್ಧ ಉಳಿಯುತ್ತದೆ. ಅದರ ಮೇಲೆ ಪ್ರತಿ ಕ್ಲೇಮಿಗೂ ಒಂದು ಕಡ್ಡಾಯ ಕಡಿತ ಇರುತ್ತದೆ.

ಇನ್ನೂ ಒಂದು ಕಾರಣವಿದೆ. ಕ್ಲೇಮ್ ಮಾಡಿದರೆ ಓನರಿಗೆ ಮುಂದಿನ ವರ್ಷದ ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ ಹೋಗುತ್ತದೆ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ ಅದು ನೂರಕ್ಕೆ 20, ವರ್ಷ ಕಳೆದಂತೆ 50ರವರೆಗೂ ಏರುತ್ತದೆ. ಹಾಗಾಗಿ ಸಣ್ಣ ಡ್ಯಾಮೇಜಿಗೆ ಅವರು ಕ್ಲೇಮೇ ಮಾಡದೆ ನಿಮ್ಮ ಕೈಯಿಂದಲೇ ಕಟ್ಟಿಸಿಕೊಳ್ಳುತ್ತಾರೆ. ಅವರ ಕಡೆಯಿಂದ ನೋಡಿದರೆ ಅದು ಅರ್ಥವಾಗುವಂಥದ್ದೇ. ಆದರೆ ಇದು ನಿಮಗೆ ಮೊದಲೇ ಗೊತ್ತಿರಬೇಕು.

ಉದಾಹರಣೆಗೆ ಮುರುಡೇಶ್ವರದಲ್ಲಿ ರಿವರ್ಸ್ ತೆಗೆಯುವಾಗ ಹಿಂದಿನ ಬಂಪರ್ ಒಡೆಯಿತು ಎಂದುಕೊಳ್ಳಿ. ಬಂಪರ್, ಪೇಂಟಿಂಗ್, ಕೂಲಿ ಎಲ್ಲ ಸೇರಿ 9,000 ರೂ. ಬಿಲ್ಲು. ಗಾಡಿ ಮೂರು ದಿನ ಗ್ಯಾರೇಜಿನಲ್ಲಿ.

ಮೊದಲನೆಯವರ ಷರತ್ತು "ಡ್ಯಾಮೇಜ್ ಪೂರ್ತಿ ಗ್ರಾಹಕರದ್ದು, ನಿಂತ ದಿನದ ಬಾಡಿಗೆಯೂ ಸೇರಿ". 9,000ದ ಮೇಲೆ 1,800ರಂತೆ ಮೂರು ದಿನಕ್ಕೆ 5,400. ಒಟ್ಟು 14,400 ರೂ. ಎರಡನೆಯವರು "ಹೆಚ್ಚೆಂದರೆ 5,000, ನಿಂತ ದಿನಕ್ಕೆ ಬಾಡಿಗೆ ಇಲ್ಲ" ಎಂದು ಬರೆದಿದ್ದಾರೆ. ಆ್ಯಪಿನ ರಕ್ಷಣೆ ತೆಗೆದುಕೊಂಡರೆ ಮಿತಿ 2,000.

ಮಿತಿ ಇದೆ ಎಂದ ಮೇಲೆ ಅದರ ಹೊರಗೆ ಏನಿದೆ ಎಂದೂ ಕೇಳಿ. ಟಯರ್, ಅಲಾಯ್ ರಿಮ್, ಗಾಡಿಯ ಅಡಿಭಾಗ, ಕ್ಲಚ್, ಕಳೆದ ಕೀ ಇವುಗಳನ್ನು ಹೊರಗಿಡುವವರು ಇದ್ದಾರೆ. ನಮ್ಮ ಟ್ರಿಪ್ಪಿಗೆ ಕ್ಲಚ್ ಮುಖ್ಯ. ಗೇರುಸೊಪ್ಪ ಘಾಟಿ ಹತ್ತುವಾಗ ಅರ್ಧ ಕ್ಲಚ್ ಒತ್ತಿಕೊಂಡೇ ಓಡಿಸಿದರೆ ಸುಟ್ಟ ವಾಸನೆ ಬರುತ್ತದೆ. ಅಪಘಾತವಲ್ಲದ ಕಾರಣ ಸಾಮಾನ್ಯ ಇನ್ಶೂರೆನ್ಸಿನಲ್ಲಿ ಅದು ಬರುವುದಿಲ್ಲ. ಮೊದಲೇ ಸವೆದ ಕ್ಲಚ್ಚಿನ ಖರ್ಚು ನಿಮ್ಮ ತಲೆಗೆ ಬರಬಾರದೆಂದರೆ, ಕಾರು ಪಡೆದ ಕೂಡಲೇ ಹದಡಿ ರಸ್ತೆಯಲ್ಲೋ ಎಲ್ಲೋ ಒಂದು ಸುತ್ತು ಓಡಿಸಿ. ಆ್ಯಕ್ಸಿಲರೇಟರ್ ಒತ್ತಿದಾಗ ಎಂಜಿನ್ ಶಬ್ದ ಏರಿ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಜಾರುತ್ತಿದೆ. ಆ ಕಾರು ಬೇಡ ಎನ್ನಿ.

ಹಂತ 7: ಎರಡು ಸಾಲಿನಲ್ಲಿ ಹೋಲಿಸಿ

ಒಂದು ಸಾಲು ಏನೂ ಆಗದಿದ್ದರೆ, ಇನ್ನೊಂದು ಆ ಬಂಪರ್ ಒಡೆದರೆ. ಪೆಟ್ರೋಲ್ ಎಲ್ಲರಿಗೂ ಒಂದೇ ಆದ್ದರಿಂದ ಬಿಟ್ಟಿದ್ದೇನೆ.

| | ಏನೂ ಆಗದಿದ್ದರೆ | ಬಂಪರ್ ಒಡೆದರೆ |
|---|---|---|
| ಮೊದಲನೆಯವರು (ದಿನದ ಮಿತಿ) | 7,600 | 22,000 |
| ಎರಡನೆಯವರು | 6,300 | 11,300 |
| ಆ್ಯಪ್, ರಕ್ಷಣೆ ಸೇರಿ | 8,550 | 10,550 |

ದಿನಕ್ಕೆ 1,800 ಎಂದು ಎಲ್ಲರಿಗಿಂತ ಕಡಿಮೆ ಹೇಳಿದವರು ಬಂಪರ್ ಒಡೆದಾಗ ಎಲ್ಲರಿಗಿಂತ ದುಬಾರಿ. ಏನೂ ಆಗದಿದ್ದರೂ ಎರಡನೆಯವರಿಗಿಂತ ದುಬಾರಿಯೇ. ನಾನಾದರೆ ಎರಡನೆಯವರನ್ನು ಆರಿಸುತ್ತೇನೆ. ಘಾಟಿಯಲ್ಲಿ ಓಡಿಸಿ ಅಭ್ಯಾಸ ಇಲ್ಲದವರು ಓಡಿಸುವುದಾದರೆ ಮಾತ್ರ 2,250 ರೂ. ಹೆಚ್ಚು ಕೊಟ್ಟು ರಕ್ಷಣೆ ಇರುವ ಕಾರು ತೆಗೆದುಕೊಳ್ಳುವುದರಲ್ಲಿ ಅರ್ಥವಿದೆ. ಮೊದಲನೆಯವರು ಮಿತಿಯನ್ನು ಮೂರು ದಿನ ಸೇರಿಸಿ ಹಿಡಿಯಲು ಒಪ್ಪಿದರೆ 6,200ಕ್ಕೆ ಇಳಿಯುತ್ತಾರೆ. ಆಗಲೂ ಎರಡನೆಯವರಿಗಿಂತ ಉಳಿಯುವುದು ನೂರೇ ರೂಪಾಯಿ, ಡ್ಯಾಮೇಜ್ ಷರತ್ತು ಹಾಗೇ ಇರುತ್ತದೆ.

ಹಂತ 8: ಪಡೆಯುವಾಗ, ಕೊಡುವಾಗ

ಬೆಳಿಗ್ಗೆ 6ಕ್ಕೆ ಹೊರಡುವುದಾದರೆ ಹಿಂದಿನ ಸಂಜೆ ಬೆಳಕಿರುವಾಗಲೇ ಒಮ್ಮೆ ಕಾರು ನೋಡಿ ಬನ್ನಿ. ಕತ್ತಲಲ್ಲಿ ಮೊಬೈಲ್ ಟಾರ್ಚಿಗೆ ಗೀರು ಸರಿಯಾಗಿ ಕಾಣುವುದಿಲ್ಲ. ಹೊರಡುವ ಹೊತ್ತಿಗೆ ನಂಬರ್ ಪ್ಲೇಟಿನಿಂದ ಶುರುಮಾಡಿ, ಸುತ್ತ ಒಂದೇ ಉಸಿರಿಗೆ, ನಡುವೆ ನಿಲ್ಲಿಸದೆ ವಿಡಿಯೋ ಮಾಡಿ. ನಾಲ್ಕು ರಿಮ್, ಬಂಪರಿನ ಕೆಳಅಂಚು, ಮುಂದಿನ ಗಾಜು, ಸ್ಟೆಪ್ನಿ ಟಯರ್, ಕೊನೆಗೆ ಮೀಟರ್. ಮಾಡಿದ ವಿಡಿಯೋವನ್ನು ಆಗಲೇ ಓನರಿಗೆ ವಾಟ್ಸಾಪಿನಲ್ಲಿ ಕಳಿಸಿ. ನಿಮ್ಮ ಫೋನಿನಲ್ಲೇ ಉಳಿದ ವಿಡಿಯೋಗಿಂತ, ಹೊರಡುವ ಮೊದಲೇ ಅವರಿಗೆ ತಲುಪಿದ ವಿಡಿಯೋಗೆ ಬೆಲೆ ಹೆಚ್ಚು.

ದಾರಿಯಲ್ಲಿ ಏನಾದರೂ ಆದರೆ ರಿಪೇರಿಗೆ ಕೊಡುವ ಮೊದಲು ಅವರಿಗೆ ಫೋನ್ ಮಾಡಿ. ಕ್ಲೇಮ್ ಮಾಡುವುದಾದರೆ ಸರ್ವೇಯರ್ ನೋಡುವ ಮೊದಲು ಬಿಚ್ಚಿದ ಗಾಡಿಗೆ ತೊಂದರೆಯಾಗುತ್ತದೆ. ಪಂಚರ್ ಅಂಥದ್ದಕ್ಕೆ ಬಿಲ್ಲು ಇಟ್ಟುಕೊಂಡರೆ ಸಾಕು. ತಡವಾಗುವಂತಿದ್ದರೆ ಮೊದಲೇ ತಿಳಿಸಿ, ಗಂಟೆಗೆ ಎಷ್ಟು ಎಂದು ಕೇಳಿ. ಅರ್ಧ ದಿನದ ಬಾಡಿಗೆ ಹಿಡಿಯುವವರೂ ಇದ್ದಾರೆ.

ವಾಪಸ್ ಕೊಡುವಾಗ ಕೀ ಕೊಟ್ಟು ಓಡಿಬರಬೇಡಿ. ಓನರ್ ಅಥವಾ ಅವರ ಹುಡುಗ ಎದುರಿಗೆ ಇರುವಾಗ ಅದೇ ಕ್ರಮದಲ್ಲಿ ಇನ್ನೊಂದು ವಿಡಿಯೋ ಮಾಡಿ. ಮೀಟರಿನ ಕಿ.ಮೀ. ಬರೆಸಿ, ಟೋಲ್ ಎಷ್ಟಾಯಿತೆಂದು ಫಾಸ್ಟ್ಯಾಗ್ ಮೆಸೇಜ್ ನೋಡಿ ಅಲ್ಲೇ ಲೆಕ್ಕ ಮುಗಿಸಿ. ಆಮೇಲೆ "ಗಾಡಿ ಸರಿಯಾಗಿದೆ, ಬಾಕಿ ಇಲ್ಲ, ಡೆಪಾಸಿಟ್ ಇಂಥ ತಾರೀಕಿಗೆ" ಎಂದು ಅವರ ನಂಬರಿನಿಂದ ಮೆಸೇಜ್ ಬರುವವರೆಗೆ ಅಲ್ಲೇ ಇರಿ.